ಮೀಟಿಂಗ್ ಕೊಡಿಸೋದು ಬೇರೆ, ಡೀಲ್ ಮುಗಿಸೋದು ಬೇರೆ

ಸಂಜೆ ಆರೂವರೆಗೆ ನಾವು ಇಂಜಿನಿಯರುಗಳು ಬ್ಯಾಗ್ ಏರಿಸಿಕೊಂಡು ಕ್ಯಾಬ್ ಹುಡುಕೋ ಹೊತ್ತಿಗೆ, ನಮ್ಮ ಫ್ಲೋರಿನ ಇನ್ನೊಂದು ಮೂಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ದಿನ ಶುರು ಮಾಡೋ ತಂಡವೊಂದಿದೆ. ನ್ಯೂಯಾರ್ಕಿನಲ್ಲಿ ಆಗ ಬೆಳಗ್ಗೆ ಒಂಬತ್ತು. ಈ ಹುಡುಗ ಹುಡುಗಿಯರ ಹುದ್ದೆ ಎಸ್‌ಡಿಆರ್, ಅಂದ್ರೆ ಸೇಲ್ಸ್ ಡೆವಲಪ್‌ಮೆಂಟ್ ರೆಪ್ರೆಸೆಂಟೆಟಿವ್. ಇವರಲ್ಲಿ ಯಾರನ್ನೇ ಕೇಳಿ, ಮುಂದಿನ ಗುರಿ ಒಂದೇ: ಎಇ, ಅಂದ್ರೆ ಅಕೌಂಟ್ ಎಕ್ಸಿಕ್ಯುಟಿವ್ ಆಗೋದು. ಡೆಮೊ ಕಾಲ್‌ಗಳಲ್ಲಿ ತಾಂತ್ರಿಕ ಪ್ರಶ್ನೆಗಳಿಗೆ ಉತ್ತರ ಹೇಳೋಕೆ ನನ್ನನ್ನೂ ಕೂರಿಸ್ತಾರೆ. ಹಾಗಾಗಿ ಈ ದಾರಿಯಲ್ಲಿ ಯಾರು ದಾಟಿದ್ರು, ಯಾರು ಎಲ್ಲಿ ನಿಂತ್ರು ಅನ್ನೋದನ್ನ ಪಕ್ಕದ ಕುರ್ಚಿಯಿಂದ ನೋಡಿದೀನಿ.

ಒಂದೇ ಕೆಲಸವನ್ನ ಹೀಗೆ ಎರಡು ಮಾಡಿದ್ದು ಯಾಕೆ? 2000ದ ದಶಕದ ಆರಂಭದಲ್ಲಿ ಸೇಲ್ಸ್‌ಫೋರ್ಸ್ ಕಂಪನಿಯಲ್ಲಿದ್ದ ಆರನ್ ರಾಸ್, ಹೊಸ ಗಿರಾಕಿ ಹುಡುಕೋರು ಬೇರೆ, ಡೀಲ್ ಮುಗಿಸೋರು ಬೇರೆ ಇರಬೇಕು ಅನ್ನೋ ಪದ್ಧತಿಯನ್ನ ಅಲ್ಲಿ ಬೆಳೆಸಿದ. 2011ರಲ್ಲಿ ಬಂದ ‘ಪ್ರೆಡಿಕ್ಟಬಲ್ ರೆವೆನ್ಯೂ’ ಪುಸ್ತಕದಿಂದ ಅದು ಸಾಫ್ಟ್‌ವೇರ್ ಮಾರೋ ಕಂಪನಿಗಳಲ್ಲೆಲ್ಲ ಹಬ್ಬಿತು. ಡೀಲ್ ಮುಗಿಸೋ ಒತ್ತಡದಲ್ಲಿರೋನು ಹೊಸಬರಿಗೆ ಫೋನ್ ಮಾಡೋದನ್ನ ಮುಂದೂಡ್ತಾನೆ, ಮೂರು ತಿಂಗಳಾದ ಮೇಲೆ ಕೈಯಲ್ಲಿ ಡೀಲೇ ಇರಲ್ಲ. ಈ ಏರಿಳಿತ ತಪ್ಪಿಸೋಕೆ ಮಾಡಿದ ವಿಂಗಡಣೆ ಅದು.

ವಿಂಗಡಣೆಯಿಂದ ಕಂಪನಿಗೆ ಅನುಕೂಲವಾಯ್ತು, ಆದ್ರೆ ಮೇಲೇರೋನಿಗೆ ಒಂದು ತೊಡಕು ಹುಟ್ಟಿತು. ಎಸ್‌ಡಿಆರ್‌ನ ಅಳೆಯೋದು ಎಷ್ಟು ಮೀಟಿಂಗ್ ಕೊಡಿಸಿದ ಅಂತ, ಎಇಯನ್ನ ಅಳೆಯೋದು ಎಷ್ಟು ಹಣ ತಂದ ಅಂತ. ಮೊದಲನೆಯದಕ್ಕೆ ಬೇಕಾಗೋದು ವೇಗ: ಮೂವತ್ತು ಸೆಕೆಂಡಿನಲ್ಲಿ ಎದುರಿನವರ ಕಿವಿ ಹಿಡಿಯೋದು, ‘ಬೇಡ’ ಅಂದ್ರೆ ಮನಸ್ಸಿಗೆ ಹಚ್ಚಿಕೊಳ್ಳದೆ ಮುಂದಿನ ನಂಬರ್ ಒತ್ತೋದು. ಎರಡನೆಯದಕ್ಕೆ ಬೇಕಾಗೋದು ಹೆಚ್ಚುಕಮ್ಮಿ ಇದರ ವಿರುದ್ಧ: ಒಂದೇ ಗಿರಾಕಿಯ ಜೊತೆ ಮೂರು ತಿಂಗಳು ತಾಳ್ಮೆಯಿಂದ ಕೂತು, ಅವನ ಮನೆಯೊಳಗಿನ ಲೆಕ್ಕ ತಿಳಿಯೋದು. ಹಾಗಾಗಿ ಒಳ್ಳೆ ಎಸ್‌ಡಿಆರ್ ತಾನಾಗೇ ಒಳ್ಳೆ ಎಇ ಆಗಲ್ಲ.

ವ್ಯತ್ಯಾಸ ಮೊದಲು ಕಾಣೋದು ಎಸ್‌ಡಿಆರ್ ಮೀಟಿಂಗ್ ಗೊತ್ತುಮಾಡಿ ಎಇಗೆ ಬರೆದುಕೊಡೋ ನಾಲ್ಕು ಸಾಲಿನ ಟಿಪ್ಪಣಿಯಲ್ಲಿ. ಸಾಮಾನ್ಯವಾಗಿ ಅದರಲ್ಲಿ ಇರೋದು ಇಷ್ಟೆ: ‘ಆಸಕ್ತಿ ಇದೆ, ಡೆಮೊ ಬೇಕಂತೆ.’ ಹಾಸನದ ಕಡೆಯ ಹುಡುಗಿಯೊಬ್ಬಳು ಹಾಗೆ ಬರೀತಿರಲಿಲ್ಲ. ಗೋದಾಮಿನ ದಾಸ್ತಾನು ಲೆಕ್ಕ ಇಡೋ ಸಾಫ್ಟ್‌ವೇರನ್ನ ನಾವು ಮಾರ್ತಿದ್ದಾಗ ಅವಳು ಕಳಿಸಿದ ಟಿಪ್ಪಣಿ ಹೀಗಿತ್ತು: ‘ಮೂರು ಜನ ವಾರಕ್ಕೆ ತಲಾ ಆರು ಗಂಟೆ ಎಕ್ಸೆಲ್ ಶೀಟ್ ಸರಿಪಡಿಸ್ತಾರೆ. ಗೋದಾಮಿನ ಮ್ಯಾನೇಜರ್‌ಗೆ ಬೇಜಾರಾಗಿದೆ, ಆದ್ರೆ ದುಡ್ಡು ಅವನ ಕೈಯಲ್ಲಿಲ್ಲ. ನವೆಂಬರ್ ರಶ್ ಶುರುವಾಗೋದ್ರೊಳಗೆ ಆಗಬೇಕು.’ ಸಮಸ್ಯೆ ಏನು, ದುಡ್ಡು ಯಾರ ಕೈಯಲ್ಲಿಲ್ಲ, ಯಾವಾಗ ಬೇಕು, ಮೂರೂ ಇದೆ. ಈ ಟಿಪ್ಪಣಿ ನೋಡಿದ ಮ್ಯಾನೇಜರ್, ಮುಂದಿನ ಕಾಲ್ ನೀನೇ ನಡೆಸು, ಎಇ ಪಕ್ಕದಲ್ಲಿರ್ತಾರೆ ಅಂದ್ರು.

ಆ ಡೀಲ್‌ನಲ್ಲಿ ನಾನೂ ಇದ್ದೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನ ಸ್ವಲ್ಪ ದುಂಡಗೆ ಮಾಡಿ ಹೇಳ್ತೀನಿ. ನಮ್ಮ ಬೆಲೆ ವರ್ಷಕ್ಕೆ 24,000 ಡಾಲರ್. ಮೂರು ಜನ, ಆರು ಗಂಟೆ, ಗಂಟೆಗೆ 30 ಡಾಲರ್ ಅಂದ್ರೆ ವಾರಕ್ಕೆ 540, ವರ್ಷಕ್ಕೆ ಸುಮಾರು 28,000. ನೋಡೋಕೆ ಬೆಲೆಗಿಂತ ಜಾಸ್ತಿ. ಆದ್ರೆ ಸಾಫ್ಟ್‌ವೇರ್ ಬಂದ ಮಾತ್ರಕ್ಕೆ ಆ ಕೆಲಸ ಪೂರ್ತಿ ಮಾಯ ಆಗಲ್ಲ. ಅರ್ಧ ಉಳಿಯುತ್ತೆ ಅಂತಿಟ್ಟರೂ ಲಾಭ 14,000, ಅಂದ್ರೆ ಬೆಲೆಯೇ ಹುಟ್ಟಲ್ಲ. ಸಾಮಾನ್ಯ ಎಸ್‌ಡಿಆರ್ ಆಗಿದ್ದರೆ ಇಲ್ಲಿ ಡೆಮೊ ತೋರಿಸೋಕೆ ಓಡ್ತಿದ್ದ, ಆಮೇಲೆ ಡಿಸ್ಕೌಂಟ್ ಕೊಡ್ತಿದ್ದ.

ಅವಳು ಡೆಮೊ ಶುರು ಮಾಡಲೇ ಇಲ್ಲ. ‘ಶೀಟ್ ತಪ್ಪಾದಾಗ ಮುಂದೇನಾಗುತ್ತೆ?’ ಅಂತ ಕೇಳಿ ಸುಮ್ಮನಾದಳು. ಆ ಮೌನ ಎಷ್ಟು ಉದ್ದವಾಯ್ತಂದ್ರೆ, ನಾನೇ ಬಾಯಿ ಹಾಕೋದ್ರಲ್ಲಿದ್ದೆ. ಮ್ಯಾನೇಜರ್ ಕೊನೆಗೆ ಹೇಳಿದ: ತಿಂಗಳಿಗೆ ನಲವತ್ತು ಆರ್ಡರ್ ತಪ್ಪು ಸಾಮಾನಿನ ಜೊತೆ ಹೋಗುತ್ತೆ, ವಾಪಸ್ ತರಿಸಿ ಮತ್ತೆ ಕಳಿಸೋಕೆ ಒಂದೊಂದಕ್ಕೆ 60 ಡಾಲರ್ ಆಗುತ್ತೆ. ವರ್ಷಕ್ಕೆ 28,800. ಅದರಲ್ಲಿ ಅರ್ಧ ಉಳಿದರೆ 14,400. ಎರಡೂ ಸೇರಿ 28,000 ದಾಟಿತು. ಅದಕ್ಕಿಂತ ಮುಖ್ಯ, ಈ ಎರಡನೇ ಖರ್ಚು ಫೈನಾನ್ಸ್ ಹೆಡ್‌ನ ಪುಸ್ತಕದಲ್ಲಿ ಕಾಣೋ ಖರ್ಚು. ‘ಹಾಗಾದ್ರೆ ಮುಂದಿನ ಕಾಲ್‌ಗೆ ಅವರನ್ನೂ ಕರೆಯೋಣ್ವಾ?’ ಅಂತ ಕೇಳೋಕೆ ಈಗ ಕಾರಣ ಸಿಕ್ಕಿತು. ಅಂಕಿ ನಮ್ಮ ಸ್ಲೈಡಿನಿಂದ ಬಂದಿದ್ದಲ್ಲ, ಗಿರಾಕಿಯ ಬಾಯಿಂದಲೇ ಬಂದಿದ್ದು. ಹಾಗಾಗಿ ಆಮೇಲೆ ಯಾರೂ ಅದರ ಬಗ್ಗೆ ತಕರಾರು ತೆಗೆಯಲಿಲ್ಲ.

ಎಇ ಕೆಲಸದ ಇನ್ನರ್ಧ ತಾರೀಕುಗಳದ್ದು. ನವೆಂಬರ್ 1ಕ್ಕೆ ಬಳಕೆ ಶುರುವಾಗಬೇಕಂದ್ರೆ ಡೇಟಾ ತುಂಬಿಸಿ ತರಬೇತಿ ಕೊಡೋಕೆ ನಾಲ್ಕು ವಾರ, ಅದಕ್ಕೂ ಮುಂಚೆ ಅವರ ವಕೀಲರು ಕರಾರು ಓದೋಕೆ ಮೂರು ವಾರ, ಅದಕ್ಕೂ ಮುಂಚೆ ಸೆಕ್ಯುರಿಟಿ ಪ್ರಶ್ನಾವಳಿಗೆ ಎರಡು ವಾರ. ಒಟ್ಟು ಒಂಬತ್ತು. ಆಗಸ್ಟ್ ಕೊನೆಗೆ ಪ್ರಶ್ನಾವಳಿ ಕೈಗೆ ಬರದಿದ್ದರೆ ನವೆಂಬರ್ ಸುಳ್ಳು. ಇದನ್ನ ಅವಳು ಒಂದು ಪುಟದಲ್ಲಿ ಬರೆದು, ಪ್ರತಿ ಹೆಜ್ಜೆಗೂ ಅವರ ಕಡೆಯ ಒಂದು ಹೆಸರು, ನಮ್ಮ ಕಡೆಯ ಒಂದು ಹೆಸರು ಹಾಕಿ ಕಳಿಸಿದಳು. ಗಿರಾಕಿ ಆ ಪುಟದಲ್ಲಿ ಎರಡು ತಾರೀಕು ತಿದ್ದಿ ವಾಪಸ್ ಕಳಿಸಿದ. ಅವನು ತಿದ್ದಿದ್ದು ಒಳ್ಳೆ ಲಕ್ಷಣ. ಕೊಂಡುಕೊಳ್ಳೋ ಮನಸ್ಸಿಲ್ಲದೋನು ‘ಚೆನ್ನಾಗಿದೆ’ ಅಂತಾನೆ, ತಿದ್ದೋಕೆ ಹೋಗಲ್ಲ.

ದಾಟಲಾಗದೆ ನಿಂತವರನ್ನೂ ಕಂಡಿದೀನಿ. ಬಡ್ತಿ ಸಿಕ್ಕ ಮೇಲೂ ಅವರು ಮೀಟಿಂಗ್ ಎಣಿಸ್ತಾನೇ ಇರ್ತಾರೆ. ಪಟ್ಟಿಯಲ್ಲಿ ಮೂವತ್ತು ಡೀಲ್ ಇರುತ್ತೆ, ಒಂದೂ ಮುಗಿಯಲ್ಲ. ಪಟ್ಟಿ ತೆರೆದು ನೋಡಿದ್ರೆ ರೋಗ ಗೊತ್ತಾಗುತ್ತೆ: ಪ್ರತಿ ಡೀಲ್‌ನಲ್ಲೂ ಪರಿಚಯ ಇರೋದು ಒಬ್ಬನೇ ಒಬ್ಬನದು, ಮುಂದಿನ ಭೇಟಿ ಕ್ಯಾಲೆಂಡರಿನಲ್ಲಿಲ್ಲ, ಮುಗಿಯೋ ತಾರೀಕು ಪ್ರತಿ ತಿಂಗಳು ಮುಂದಿನ ತಿಂಗಳ ಕೊನೆಗೆ ಜಾರುತ್ತೆ. ಆ ಒಬ್ಬ ಪರಿಚಯದವನು ಕೆಲಸ ಬಿಟ್ಟರೆ ಡೀಲೂ ಹೋಯ್ತು. ಇಂಥ ಡೀಲನ್ನ ಪಟ್ಟಿಯಿಂದ ತಾವಾಗೇ ತೆಗೆದುಹಾಕೋದು ಎಇಗೆ ಬೇಕಾದ ಕೌಶಲ. ಎಸ್‌ಡಿಆರ್ ಆಗಿದ್ದಾಗ ಅದನ್ನ ಯಾರೂ ಕಲಿಸಿರಲ್ಲ, ಯಾಕಂದ್ರೆ ಅಲ್ಲಿ ಸಂಖ್ಯೆ ಇಳಿಸೋದೇ ಅಪರಾಧ.

ಹಾಗಾಗಿ ಎಸ್‌ಡಿಆರ್ ಕುರ್ಚಿಯಲ್ಲಿ ಕೂತವರು ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಎರಡೇ. ನೀವು ಕೊಡಿಸಿದ ಮೀಟಿಂಗ್ ಮುಂದೆ ಏನಾಯ್ತು ಅನ್ನೋದನ್ನ ರೆಕಾರ್ಡಿಂಗ್ ಕೇಳಿ ತಿಳ್ಕೊಳ್ಳಿ, ಅದರಲ್ಲೂ ಮುರಿದುಬಿದ್ದ ಡೀಲ್‌ಗಳದ್ದು. ಆಮೇಲೆ ನಿಮ್ಮ ಎಇ ಹತ್ತಿರ ಮೊದಲ ಕಾಲ್‌ನ ಹದಿನೈದು ನಿಮಿಷ ಕೇಳಿ ಪಡ್ಕೊಳ್ಳಿ. ಬಡ್ತಿಯ ಸಂದರ್ಶನದಲ್ಲಿ ಅಣಕು ಗಿರಾಕಿ ಎದುರು ಕೂರಿಸಿ ಮಾತಾಡಿಸೋದು ಸಾಮಾನ್ಯ. ಅಲ್ಲಿ ಪ್ರಾಡಕ್ಟ್ ಬಗ್ಗೆ ನೀವು ಎಷ್ಟು ಚೆನ್ನಾಗಿ ಹೇಳ್ತೀರಿ ಅನ್ನೋದಕ್ಕಿಂತ, ಉತ್ತರ ಬಂದ ಮೇಲೆ ನೀವು ಕೇಳೋ ಎರಡನೇ ಪ್ರಶ್ನೆಯನ್ನ ಹೆಚ್ಚು ಗಮನಿಸ್ತಾರೆ. ಆ ಎರಡನೇ ಪ್ರಶ್ನೆ ಬಾಯಿಪಾಠದಿಂದ ಬರಲ್ಲ, ಮೊದಲನೇ ಉತ್ತರವನ್ನ ಪೂರ್ತಿ ಕೇಳಿಸಿಕೊಂಡೋರಿಗೆ ಮಾತ್ರ ಹೊಳೆಯುತ್ತೆ.