ಮಂಜಿನೊಳಗಿನ ಕಪ್ಪು ಕೊಂಬೆಗಳು

ಇಂಟರ್ನ್ ಡೈರಿ, ಭಾಗ 6

ಫೋಟೊದಲ್ಲಿರೋದು ನಮ್ಮ ಸಿಗಂದೂರಿನ ಹಿನ್ನೀರು. ಬೆಳಗಿನ ಮಂಜು, ಅದರೊಳಗೆ ಶರಾವತಿ ಮುಳುಗಿಸಿದ ಕಾಡಿನ ಒಣಮರಗಳು ಕಪ್ಪಗೆ ನಿಂತಿವೆ. ನಿಜಕ್ಕೂ ತೋರಿಸಬೇಕಾಗಿದ್ದು ಒಂದು ಎಕ್ಸ್‌ರೇ. ಆದರೆ ಅದು ನಮ್ಮನೆ ಮಗುವಿನದು, ಇಲ್ಲಿ ಹಾಕಲ್ಲ. ಈ ಫೋಟೊ ಅದಕ್ಕೆ ಎಷ್ಟು ಹತ್ತಿರ ಅಂದ್ರೆ, ಓದಿ ಮುಗಿಸಿದ ಮೇಲೆ ನೀವೇ ಮತ್ತೊಮ್ಮೆ ಮೇಲೆ ಹೋಗಿ ನೋಡ್ತೀರಿ.

ದೊಡ್ಡಮ್ಮನ ಮಗಳು, ನಾನು ಅಕ್ಕ ಅನ್ನೋಳು, ತುಮರಿ ಕಡೆಗೆ ಮದುವೆಯಾದವಳು. ಮೂವತ್ತನೇ ವಾರದಲ್ಲಿ ರಾತ್ರಿ ಹನ್ನೊಂದಕ್ಕೆ ನೀರು ಹೋಯ್ತು. ಮೊದಲಾಗಿದ್ರೆ ಆ ಹೊತ್ತಿಗೆ ಲಾಂಚ್ ಇರ್ತಿರಲಿಲ್ಲ, ಕಾಡು ಸುತ್ತಿ ಹೋಗಬೇಕಿತ್ತು. 2025ರ ಜುಲೈನಲ್ಲಿ ಸೇತುವೆ ಆಗಿದೆಯಲ್ಲ, ಜೀಪಿನಲ್ಲಿ ಸೀದಾ ದಾಟಿದ್ರು. ತಾಲ್ಲೂಕು ಆಸ್ಪತ್ರೆಯಲ್ಲಿ ಡೆಕ್ಸಾಮೆಥಾಸೋನ್ 6 ಮಿಲಿಗ್ರಾಂ ಕೊಟ್ಟು, ಆಂಬುಲೆನ್ಸ್‌ನಲ್ಲಿ ನಾನಿದ್ದ ಆಸ್ಪತ್ರೆಗೆ ಕಳಿಸಿದ್ರು. ಆ ಇಂಜೆಕ್ಷನ್ ತಾಯಿಗಲ್ಲ, ಮಗುವಿನ ಶ್ವಾಸಕೋಶಕ್ಕೆ. ಹನ್ನೆರಡು ಗಂಟೆಗೊಂದರಂತೆ ನಾಲ್ಕು ಕೊಡಬೇಕು. ಒಂದೇ ಆಗಿತ್ತು, ಬೆಳಿಗ್ಗೆ ಐದಕ್ಕೆ ಹೆರಿಗೆ ಆಗೋಯ್ತು. ಹುಡುಗ. 1,320 ಗ್ರಾಂ.

ಮಗು ಅತ್ತಿತು, ನಾನು ನಿಟ್ಟುಸಿರು ಬಿಟ್ಟೆ. ಅರ್ಧ ಗಂಟೆ ಆಗೋದ್ರೊಳಗೆ ಉಸಿರು ಬಿಡುವಾಗೆಲ್ಲ ‘ಹ್ಮ್, ಹ್ಮ್’ ಅನ್ನೋ ಸದ್ದು ಶುರುವಾಯ್ತು. ಪಕ್ಕೆಲುಬಿನ ನಡುವಿನ ಚರ್ಮ ಒಳಗೆ ಜಗ್ತಾ ಇತ್ತು, ಉಸಿರು ನಿಮಿಷಕ್ಕೆ 72. ಆ ಸದ್ದಿಗೆ ಗ್ರಂಟಿಂಗ್ ಅಂತಾರೆ. ಮಗು ಗಂಟಲನ್ನ ಅರ್ಧ ಮುಚ್ಚಿಕೊಂಡು, ಒಳಗಿನ ಗಾಳಿಯೆಲ್ಲ ಹೊರಗೆ ಹೋಗದ ಹಾಗೆ ತಾನೇ ತಡೆ ಹಿಡೀತಿರುತ್ತೆ. ಯಾಕಂದ್ರೆ ಗಾಳಿ ಪೂರ್ತಿ ಹೋದ್ರೆ ಶ್ವಾಸಕೋಶದ ಗಾಳಿಗೂಡುಗಳು ಮುಚ್ಚಿಕೊಳ್ತವೆ. ಒದ್ದೆ ಪ್ಲಾಸ್ಟಿಕ್ ಕವರ್‌ನ ಎರಡು ಬದಿ ಅಂಟಿಕೊಂಡ್ರೆ ಬಿಡಿಸೋಕೆ ಎಷ್ಟು ಒದ್ದಾಡ್ತೀವಿ, ಹಾಗೆ. ನಮ್ಮ ಗೂಡುಗಳು ಹಾಗೆ ಅಂಟದಿರೋಕೆ ಒಳಗೆ ಸೋಪಿನ ಗುಣದ ಒಂದು ಪದರ ಇದೆ, ಸರ್ಫ್ಯಾಕ್ಟಂಟ್. ಅದು ಸಾಕಷ್ಟು ತಯಾರಾಗೋದು ಸುಮಾರು 34–35 ವಾರದ ಹೊತ್ತಿಗೆ. ಮೂವತ್ತಕ್ಕೇ ಹುಟ್ಟಿದ ಮಗುವಿಗೆ ಪ್ರತಿ ಉಸಿರೂ ಮೊದಲ ಉಸಿರಿನಷ್ಟೇ ಕಷ್ಟ.

ಮೂಗಿಗೆ ಸಿಪ್ಯಾಪ್ ಹಾಕಿ, 6 ಸೆಂಟಿಮೀಟರ್ ನೀರಿನ ಒತ್ತಡ ಇಟ್ರು. ಮಗು ಗಂಟಲಲ್ಲಿ ಮಾಡ್ತಿದ್ದ ಕೆಲಸವನ್ನೇ ಮೆಷಿನ್ ಮಾಡುತ್ತೆ ಅಷ್ಟೆ. ಆದರೂ ಸ್ಯಾಚುರೇಷನ್ 90ರ ಮೇಲೆ ನಿಲ್ಲೋಕೆ 45 ಪರ್ಸೆಂಟ್ ಆಕ್ಸಿಜನ್ ಬೇಕಾಯ್ತು. ಏಳು ಗಂಟೆಗೆ ಪೋರ್ಟಬಲ್ ಎಕ್ಸ್‌ರೇ ಬಂತು.

ಈಗ ನನ್ನ ತಪ್ಪು ಕೇಳಿ.

ಫಿಲ್ಮ್ ನೋಡಿದೆ. ಎರಡೂ ಶ್ವಾಸಕೋಶ ಒಂದೇ ಸಮನೆ ಬೂದು ಬಿಳಿ, ಸಣ್ಣ ಸಣ್ಣ ಕಾಳು ಉದುರಿಸಿದ ಹಾಗೆ. ಬಚ್ಚಲುಮನೆ ಕಿಟಕಿಗೆ ಹಾಕೋ ಉಜ್ಜಿದ ಗಾಜು ಇರುತ್ತಲ್ಲ, ಬೆಳಕು ಬರುತ್ತೆ ಆದರೆ ಆಚೆ ಏನೂ ಸ್ಪಷ್ಟ ಕಾಣಲ್ಲ, ಅದೇ ಗ್ರೌಂಡ್ ಗ್ಲಾಸ್. ಅದರ ನಡುವೆ ಕಪ್ಪು ಕವಲುಗಳು ಅಂಚಿನವರೆಗೂ ಚಾಚಿದ್ವು. ‘ಮೇಡಂ, ಶ್ವಾಸನಾಳಗಳು ಎಷ್ಟು ಚೆನ್ನಾಗಿ ತೆರೆದಿವೆ, ಗಾಳಿ ಒಳಗೆ ಹೋಗ್ತಿದೆ ಅಲ್ವಾ?’ ಅಂದೆ. ನನ್ನೊಳಗಿನ ತಮ್ಮ ಮಾತಾಡಿದ್ದ, ಡಾಕ್ಟರ್ ಅಲ್ಲ.

ಪೀಜಿ ಮೇಡಂ ಬೈಯಲಿಲ್ಲ. ‘ನಿನ್ನ ಎದೆ ಎಕ್ಸ್‌ರೇಲಿ ಅಂಚಿನವರೆಗೂ ಶ್ವಾಸನಾಳ ಯಾವತ್ತಾದ್ರೂ ಕಂಡಿದ್ಯಾ?’ ಅಂತ ಕೇಳಿದ್ರು.

ಕಂಡಿಲ್ಲ, ಕಾಣೋದೂ ಇಲ್ಲ. ಎಕ್ಸ್‌ರೇಲಿ ಗಾಳಿ ಕಪ್ಪು. ನಾಳದೊಳಗೂ ಗಾಳಿ, ಸುತ್ತಲಿನ ಗೂಡುಗಳಲ್ಲೂ ಗಾಳಿ, ಕಪ್ಪಿನ ಮೇಲೆ ಕಪ್ಪು. ಕತ್ತಲ ರಾತ್ರಿಯಲ್ಲಿ ಹಿನ್ನೀರಿನ ಮರ ಕಾಣುತ್ತಾ? ಮಂಜು ಕವಿದ ಬೆಳಿಗ್ಗೆ ಕಾಣುತ್ತೆ. ಗೂಡುಗಳು ಕುಸಿದು ಗಾಳಿ ಖಾಲಿಯಾಗಿ ಸುತ್ತ ಬೆಳ್ಳಗಾದಾಗ ಮಾತ್ರ ನಾಳ ಎದ್ದು ಕಾಣುತ್ತೆ. ಅದೇ ಏರ್ ಬ್ರಾಂಕೋಗ್ರಾಮ್. ನಾನು ಒಳ್ಳೇ ಸುದ್ದಿ ಅಂದ್ಕೊಂಡಿದ್ದ ಕಪ್ಪು ಕೊಂಬೆಗಳು ಸುತ್ತಲಿನ ಸೋಲಿನ ಗುರುತಾಗಿದ್ವು. (ಹೃದಯದ ನೆರಳಿನ ಹಿಂದೆ ಒಂದೆರಡು ಕವಲು ಆರೋಗ್ಯವಂತ ಮಗುವಿನಲ್ಲೂ ಕಾಣಬಹುದು, ಅದಕ್ಕೆ ಹೆದರಬೇಡಿ. ಅಂಚಿನವರೆಗೆ ಹೋದ್ರೆ ವಿಷಯ ಬೇರೆ.)

ಆಮೇಲೆ ಪಕ್ಕೆಲುಬು ಎಣಿಸು ಅಂದ್ರು. ಬಲಗಡೆ ವಪೆಯ ಮೇಲೆ, ಹಿಂಬದಿಯ ಏಳೇ ಪಕ್ಕೆಲುಬು. ಎಂಟಾದ್ರೂ ಇರಬೇಕು. ಅಂದ್ರೆ ಶ್ವಾಸಕೋಶ ಚಿಕ್ಕದಾಗಿ ಕುಗ್ಗಿದೆ. ಈ ಎಣಿಕೆ ನನಗೆ ತುಂಬ ಇಷ್ಟವಾಯ್ತು, ಯಾಕಂದ್ರೆ ಇದಕ್ಕೆ ಕಣ್ಣಿನ ಅನುಭವ ಬೇಡ, ಲೆಕ್ಕ ಬಂದ್ರೆ ಸಾಕು. ಹುಟ್ಟಿದಾಗ ಶ್ವಾಸಕೋಶದಲ್ಲಿ ನೀರು ಉಳಿದಿರೋ ಮಗುವಿಗೂ ಇದೇ ಥರ ವೇಗದ ಉಸಿರು ಇರುತ್ತೆ, ಆದರೆ ಅದರ ಶ್ವಾಸಕೋಶ ಸಾಮಾನ್ಯವಾಗಿ ಉಬ್ಬಿರುತ್ತೆ, ಕುಗ್ಗಿರಲ್ಲ. ಇನ್ನೊಂದು ಮೋಸವೂ ಇದೆ. ಮಗು ಉಸಿರು ಬಿಟ್ಟ ಕ್ಷಣದಲ್ಲೇ ಫಿಲ್ಮ್ ತೆಗೆದಿದ್ರೆ ಒಳ್ಳೇ ಶ್ವಾಸಕೋಶವೂ ಬೆಳ್ಳಗೆ ಕಾಣುತ್ತೆ. ಅದಕ್ಕೇ ಫಿಲ್ಮ್ ಒಂದನ್ನೇ ನಂಬಬಾರದು, ತೊಟ್ಟಿಲ ಹತ್ರ ಹೋಗಿ ಮಗುವನ್ನೂ ನೋಡಬೇಕು.

ಎಕ್ಸ್‌ರೇ ಹೇಳಲಾರದ್ದು ಇನ್ನೊಂದಿದೆ. ತಾಯಿಯಿಂದ ಸೋಂಕು ತಗುಲಿ ನ್ಯುಮೋನಿಯಾ ಆದ ಮಗುವಿನ ಫಿಲ್ಮೂ ಥೇಟ್ ಹೀಗೇ ಇರಬಹುದು. ನೀರು ಹೋಗಿ ಆರು ಗಂಟೆ ಆಗಿತ್ತು ಬೇರೆ. ಹಾಗಾಗಿ ಬ್ಲಡ್ ಕಲ್ಚರ್ ಕಳಿಸಿ, ಆಂಟಿಬಯೋಟಿಕ್ ಶುರು ಮಾಡಿದ್ರು. ‘ಇದು ಆರ್‌ಡಿಎಸ್ ಅಂತ ನನಗೆ ಗೊತ್ತು, ಆದರೆ ಮಗುವಿಗೆ ಅದು ಗೊತ್ತಿಲ್ಲ’ ಅಂದ್ರು ಮೇಡಂ. ಎರಡು ದಿನದ ಮೇಲೆ ಕಲ್ಚರ್‌ನಲ್ಲಿ ಏನೂ ಬೆಳೆದಿರಲಿಲ್ಲ, ನಿಲ್ಲಿಸಿದ್ರು.

ಏಳೂವರೆಗೆ ಸರ್ಫ್ಯಾಕ್ಟಂಟ್. ಹಂದಿಯ ಶ್ವಾಸಕೋಶದಿಂದ ತೆಗೆದ ಬಿಳಿ ದ್ರವ, ನೋಡೋಕೆ ಹಾಲಿನ ಥರ. ಕೇಜಿಗೆ 2.5 ಎಂಎಲ್ ಲೆಕ್ಕದಲ್ಲಿ ನಮ್ಮ ಹುಡುಗನಿಗೆ 3.3 ಎಂಎಲ್. ಒಂದು ಚಮಚಕ್ಕಿಂತ ಕಡಿಮೆ. ಬಾಟಲಿ ಕುಲುಕಬಾರದು, ನೊರೆ ಬರುತ್ತೆ. ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಮೆಲ್ಲಗೆ ತಿರುಗಿಸಬೇಕು. ಆ ಕೆಲಸ ನನಗೆ ಕೊಟ್ರು. ಬಾಟಲಿ ಬೆಚ್ಚಗಾಗೋ ಮೊದಲು ನನ್ನ ಕೈಯೇ ಬೆವರಿತ್ತು. ಟ್ಯೂಬ್ ಹಾಕಿ, ಔಷಧಿ ಬಿಟ್ಟು, ಟ್ಯೂಬ್ ತೆಗೆದು ಮತ್ತೆ ಸಿಪ್ಯಾಪ್‌ಗೆ. ಹತ್ತು ಗಂಟೆಗೆ ಆಕ್ಸಿಜನ್ 28ಕ್ಕೆ ಇಳಿದಿತ್ತು.

ಈ ಔಷಧಿ ಎಷ್ಟು ಹೊಸದು ನೋಡಿ. ಈ ಮಕ್ಕಳಲ್ಲಿ ಸರ್ಫ್ಯಾಕ್ಟಂಟ್ ಇಲ್ಲ ಅಂತ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿದ್ದು 1959ರಲ್ಲಿ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯ ಮಗ ಪ್ಯಾಟ್ರಿಕ್, ಐದೂವರೆ ವಾರ ಮೊದಲೇ ಹುಟ್ಟಿ, ಇದೇ ಕಾಯಿಲೆಯಿಂದ 39 ಗಂಟೆಯಲ್ಲಿ ತೀರಿಕೊಂಡ. ಜಪಾನಿನ ಫುಜಿವಾರಾ ಮೊದಲ ಸಲ ಹತ್ತು ಮಕ್ಕಳಿಗೆ ಕೊಟ್ಟು ಯಶಸ್ಸು ಕಂಡಿದ್ದು 1980ರಲ್ಲಿ. ನಮ್ಮ ಅಪ್ಪ ಅಮ್ಮನ ವಯಸ್ಸಿನ ವಿಷಯ.

ಮಧ್ಯಾಹ್ನದ ಫಿಲ್ಮ್‌ನಲ್ಲಿ ಬಲಗಡೆ ತಿಳಿಯಾಗಿತ್ತು, ಎಡಗಡೆ ಇನ್ನೂ ಮಬ್ಬು. ಎದೆ ಧಸಕ್ಕೆಂತು. ‘ಬಲ ನಾಳ ನೇರವಾಗಿ ಇಳಿಯುತ್ತೆ, ಔಷಧಿ ಆ ಕಡೆ ಜಾಸ್ತಿ ಹೋಗಿರುತ್ತೆ’ ಅಂದ್ರು ಮೇಡಂ, ಊಟದ ಡಬ್ಬಿ ಮುಚ್ಚಳ ತೆಗೀತಾ. ಹೊರಗೆ ಬೆಂಚಿನ ಮೇಲೆ ದೊಡ್ಡಮ್ಮ ಕೂತಿದ್ರು. ‘ಎಂಥ ಆಯ್ತಾ, ಉಸಿರು ಸರಿ ಉಂಟಾ?’ ಅಂತ ಕೇಳಿದ್ರು. ‘ಒಂದು ಕಡೆ ತಿಳಿಯಾಗಿದೆ ದೊಡ್ಡಮ್ಮ, ಇನ್ನೊಂದು ಕಡೆ ಆಗ್ತಿದೆ’ ಅಂದೆ. ಬೆಳಿಗ್ಗೆ ಆ ಕಪ್ಪು ಕೊಂಬೆ ನೋಡಿದ ತಕ್ಷಣ ಓಡಿ ಹೋಗಿ ‘ಚೆನ್ನಾಗಿದಾನೆ’ ಅಂತ ಹೇಳಿಬಿಡೋದ್ರಲ್ಲಿದ್ದೆ. ಹೇಳದೇ ಇದ್ದಿದ್ದಕ್ಕೆ ಈಗಲೂ ಮೇಡಂಗೆ ಋಣಿ.

ಮೂರನೇ ದಿನದ ಫಿಲ್ಮ್‌ನಲ್ಲಿ ಎಂಟೂವರೆ ಪಕ್ಕೆಲುಬು. ಕೊಂಬೆಗಳನ್ನ ಹುಡುಕಿದೆ, ಒಂದೂ ಸಿಗಲಿಲ್ಲ. ಅವು ಅಲ್ಲೇ ಇದ್ವು, ಸುತ್ತಲೂ ಗಾಳಿ ತುಂಬಿತ್ತು ಅಷ್ಟೆ.

ಮೂವತ್ತೆಂಟನೇ ದಿನ 1,910 ಗ್ರಾಂ ತೂಗಿ ಮನೆಗೆ ಹೋದ. ಕಣ್ಣಿನ ರೆಟಿನಾ ಪರೀಕ್ಷೆ ಒಂದು ಆಗಿದೆ, ಇನ್ನೊಂದಕ್ಕೆ ಎರಡು ವಾರ ಬಿಟ್ಟು ಬರಬೇಕು. ಅಕ್ಕನಿಗೆ ತಾರೀಖು ಫೋನ್ ಮಾಡಿ ನೆನಪಿಸೋದು ನನ್ನ ಜವಾಬ್ದಾರಿ.