ಮಗ್ಗ ಹೋಗಿ ಮಗ ಆದ ಕತೆ

ಈ ಸಲ ನಮ್ಮದೇ ಒಂದು ತಪ್ಪಿನ ಕತೆ ಬರೆಯುತ್ತಿದ್ದೇವೆ. ಇದು ಅಕ್ಕಲಕೋಟ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ, ನಮ್ಮ ಕೈಯಿಂದಲೇ ಆದದ್ದು.

ಐದನೇ ತರಗತಿಯ ಘಟಕ ಪರೀಕ್ಷೆ ಹತ್ತಿರ ಬಂದಿತ್ತು. ಸೊಲ್ಲಾಪುರದ ಗೆಳೆಯರೊಬ್ಬರು ಓದಿ ಉತ್ತರಿಸಲು ಒಂದು ಗದ್ಯಭಾಗ ಕಳಿಸಿದರು. ಅಜ್ಜ, ಅವನ ಮಗ್ಗ, ಚಾದರ ನೇಯುವ ಕೆಲಸ, ಎಲ್ಲ ನಮ್ಮ ಮಕ್ಕಳು ಕಣ್ಣಾರೆ ಕಂಡದ್ದೇ. ಆದರೆ ಅದು ಹಳೆಯ ನುಡಿ ಅಕ್ಷರದ ಪಿಡಿಎಫ್ ಆಗಿತ್ತು. ಅದರಿಂದ ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಕನ್ನಡ ಬರುವುದಿಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂತೆ ಬರುತ್ತದೆ. ಆದ್ದರಿಂದ ಅವರು ಫೋನಿನಲ್ಲಿ ಪುಟ ತೆರೆದು ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿದರು. ನಾವು ಆ ಚಿತ್ರವನ್ನು ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟು, ಬಂದ ಪಠ್ಯವನ್ನು ಪ್ರಶ್ನೆಪತ್ರಿಕೆಗೆ ಅಂಟಿಸಿ ಝೆರಾಕ್ಸ್ ಮಾಡಿಸಿದೆವು. ಮೇಲಿಂದ ಮೇಲೆ ನೋಡಿದಾಗ ಎಲ್ಲ ಸರಿಯಾಗಿಯೇ ಕಂಡಿತು.

ಮೂರನೇ ಪ್ರಶ್ನೆ ಹೀಗಿರಬೇಕಿತ್ತು: "ಅಜ್ಜನ ಮಗ್ಗ ಏಕೆ ನಿಂತಿತು?" ಉತ್ತರ, ನೂಲು ಬರಲಿಲ್ಲ ಎಂದು. ಒಬ್ಬ ಹುಡುಗಿ ಬರೆದಿದ್ದಳು: "ಅಜ್ಜನ ಮಗ ದಣಿದಿದ್ದ, ಅದಕ್ಕೆ ನಿಂತ." ನಾವು ಸೊನ್ನೆ ಕೊಟ್ಟೆವು. ಮರುದಿನ ಅವಳು ಪ್ರಶ್ನೆಪತ್ರಿಕೆ ಹಿಡಿದುಕೊಂಡು ಬಂದು, "ಸರ, ಇಲ್ಲಿ ಮಗ ಅಂತನ ಐತ್ರಿ" ಎಂದಳು. ನೋಡಿದರೆ ಹೌದು. ಗದ್ಯದಲ್ಲೂ ಪ್ರಶ್ನೆಯಲ್ಲೂ ಮಗ್ಗದ ಕೆಳಗಿನ ಒತ್ತು ಮಾಯವಾಗಿತ್ತು. ಅವಳ ಅಪ್ಪ ಮಗ್ಗದ ಮೇಲೇ ದುಡಿಯುವವರು. ಸರಿಯಾದ ಪದ ಇದ್ದಿದ್ದರೆ ಅವಳಿಗಿಂತ ಚೆನ್ನಾಗಿ ಯಾರೂ ಉತ್ತರ ಬರೆಯುತ್ತಿರಲಿಲ್ಲ. ಆ ಪ್ರಶ್ನೆಗೆ ಎಲ್ಲ ಮಕ್ಕಳಿಗೂ ಎರಡು ಅಂಕ ಕೊಟ್ಟೆವು. ಆಮೇಲೆ, ಒತ್ತು ಹೋದದ್ದು ಎಲ್ಲಿ ಎಂದು ಹುಡುಕಲು ಕುಳಿತೆವು.

ಮೊದಲ ಕಾರಣ ಅಳತೆ. ಗೆಳೆಯರ ಫೋನಿನ ಪರದೆಯ ಅಗಲ 720 ಚುಕ್ಕೆ, ಅಂದರೆ ಪಿಕ್ಸೆಲ್. ಎ4 ಪುಟದ ಅಗಲ ಸುಮಾರು ಎಂಟೂಕಾಲು ಇಂಚು. ಇಡೀ ಪುಟ ಪರದೆಯಲ್ಲಿ ಕೂತಾಗ ಒಂದು ಇಂಚಿಗೆ ಸಿಗುವುದು ಸುಮಾರು 87 ಚುಕ್ಕೆ. ಆ ಲೆಕ್ಕದಲ್ಲಿ 14 ಪಾಯಿಂಟ್ ಅಕ್ಷರದ ಸಾಲಿಗೆ 17 ಚುಕ್ಕೆ ಎತ್ತರ, ಅದರ ಕೆಳಗಿನ ಒತ್ತಿಗೆ ಏಳೋ ಎಂಟೋ ಚುಕ್ಕೆ. ಅದೇ ಪುಟವನ್ನು ಸ್ಕ್ಯಾನರಿನಲ್ಲಿ ಇಂಚಿಗೆ 300 ಚುಕ್ಕೆಯಂತೆ ತೆಗೆದರೆ ಸಾಲಿಗೆ 58 ಚುಕ್ಕೆ ಸಿಗುತ್ತಿತ್ತು. ಸಾಲದ್ದಕ್ಕೆ, ಫೋಟೋ ಆಗಿ ಕಳಿಸುವಾಗ ಚಿತ್ರವನ್ನು ಜೆಪೆಗ್ ವಿಧಾನದಲ್ಲಿ ಹಿಂಡುತ್ತಾರೆ. ಆ ವಿಧಾನ ಚಿತ್ರವನ್ನು ಎಂಟು ಚುಕ್ಕೆಗೆ ಎಂಟು ಚುಕ್ಕೆಯ ಚೌಕಗಳಾಗಿ ಕತ್ತರಿಸಿ, ಒಂದೊಂದು ಚೌಕದೊಳಗಿನ ಸೂಕ್ಷ್ಮವನ್ನು ಕಡಿಮೆ ಮಾಡುತ್ತದೆ. ನಮ್ಮ ಒತ್ತು ಇರುವುದೇ ಒಂದು ಚೌಕದಷ್ಟು! ಜ ಒತ್ತು ಅಗಲವಾದದ್ದರಿಂದ ಅಜ್ಜ ಉಳಿದುಕೊಂಡ. ಗ ಒತ್ತು ಸಣ್ಣ ಕಮಾನು, ಮಸುಕಾಗಿ ಧೂಳಿನಂತಾಯಿತು. ಮೇಲಾಗಿ "ಮಗ" ಕೂಡ ನಿಜವಾದ ಪದವೇ ಆದ್ದರಿಂದ ತಪ್ಪು ಹಿಡಿಯುವ ಪದಪರೀಕ್ಷಕವೂ ಸುಮ್ಮನಿತ್ತು. ಹಳ್ಳಿ ಹಳಿ ಆಗುವುದೂ, ಕತ್ತೆ ಕತೆ ಆಗುವುದೂ ಹೀಗೆಯೇ.

ಎರಡನೇ ಕಾರಣ ನಮ್ಮ ಲಿಪಿಯ ಕಟ್ಟಡ. ತಂತ್ರಾಂಶ ಮೊದಲು ಸಾಲುಗಳನ್ನು ಬೇರೆ ಮಾಡುತ್ತದೆ, ಆಮೇಲೆ ಅಕ್ಷರ ಓದುತ್ತದೆ. ಮರಾಠಿಯಲ್ಲಿ ಕೂಡಕ್ಷರಗಳು ಬಹುಮಟ್ಟಿಗೆ ಅರ್ಧ ಅಕ್ಷರವಾಗಿ ಪಕ್ಕದಲ್ಲೇ, ಒಂದೇ ತಲೆಗೆರೆಗೆ ನೇತಾಡಿಕೊಂಡು ನಿಲ್ಲುತ್ತವೆ. ನಮ್ಮಲ್ಲಿ ಒತ್ತು ಸಾಲು ಬಿಟ್ಟು ಕೆಳಗಿಳಿಯುತ್ತದೆ. ಸಾಲುಗಳು ಒತ್ತಾಗಿದ್ದರೆ ಮೇಲಿನ ಸಾಲಿನ ಒತ್ತಿಗೂ ಕೆಳಗಿನ ಸಾಲಿನ ಗುಡಿಸಿಗೂ ನಡುವೆ ಜಾಗವೇ ಇರುವುದಿಲ್ಲ. ಆಗ ಆ ಒತ್ತು ಕೆಳಗಿನ ಸಾಲಿಗೆ ಸೇರಿಹೋಗುತ್ತದೆ, ಇಲ್ಲವೆ ಎರಡಕ್ಕೂ ಸೇರದೆ ಬಿದ್ದುಹೋಗುತ್ತದೆ.

ಮೂರನೆಯದು ಅರ್ಕಾವೊತ್ತು. "ವಿದ್ಯಾರ್ಥಿ" ಎನ್ನುವಾಗ ನಾಲಿಗೆಗೆ ರಕಾರ ಮೊದಲು, ಥಿ ಆಮೇಲೆ. ಬರೆಯುವಾಗ ಥಿ ಮೊದಲು, ಅರ್ಕಾವೊತ್ತು ಅದರ ಬಲಕ್ಕೆ. ಎಡದಿಂದ ಬಲಕ್ಕೆ ಓದುತ್ತಾ ಹೋಗುವ ತಂತ್ರಾಂಶ ಈ ಎರಡನ್ನೂ ಅದಲುಬದಲು ಮಾಡಿ ಇಡಬೇಕು. ಜೊತೆಗೆ ಆ ಗುರುತು ಕನ್ನಡದ ಒಂಬತ್ತರ ಅಂಕಿಯಂತೆಯೇ ಇದೆ. ಹಾಗಾಗಿ "ವಿದ್ಯಾಥಿ೯" ಎಂದು ಬರುತ್ತದೆ. ಕಣ್ಣಿಗೆ ಸರಿ ಅನ್ನಿಸುತ್ತದೆ, ಆದರೆ ಕಂಪ್ಯೂಟರಿನಲ್ಲಿ "ವಿದ್ಯಾರ್ಥಿ" ಎಂದು ಹುಡುಕಿದರೆ ಸಿಗುವುದಿಲ್ಲ. ಇದನ್ನು ಹಿಡಿಯುವ ಸುಲಭ ದಾರಿ ಎಂದರೆ ಬಂದ ಪಠ್ಯದಲ್ಲಿ ೯ ಎಂಬ ಅಂಕಿಯನ್ನೇ ಹುಡುಕುವುದು. ಪದದ ನಡುವೆ ಅಥವಾ ಕೊನೆಗೆ ಅದು ಕಂಡರೆ ಅಲ್ಲಿ ಅರ್ಕಾವೊತ್ತು ಕೆಟ್ಟಿದೆ ಎಂದೇ ಅರ್ಥ. ಸೊನ್ನೆಯ ಬದಲು ೦ ಅಂಕಿ ಕೂತಿದೆಯೇ ಎಂದೂ ಹೀಗೆಯೇ ನೋಡಬಹುದು.

ಈಗ ನಾವು ಪರೀಕ್ಷೆಯ ಗದ್ಯವನ್ನು ನೋಡಿಕೊಂಡು ಮತ್ತೆ ಟೈಪು ಮಾಡುತ್ತೇವೆ. ನುಡಿಯಲ್ಲಿ ಬಳಕೆಯಿರುವ ಕೆ.ಪಿ. ರಾವ್ ಅವರ ಕೀಲಿಮಣೆಯಲ್ಲಿ ಉಚ್ಚರಿಸುವ ಕ್ರಮವೇ ಒತ್ತುವ ಕ್ರಮ. f ಕೀಲಿ ವ್ಯಂಜನದ ಅಕಾರ ತೆಗೆದು ಮುಂದಿನದನ್ನು ಒತ್ತಾಗಿಸುತ್ತದೆ.

```
mgfg         ಮಗ್ಗ
ajfjn        ಅಜ್ಜನ
vidfyArfTi   ವಿದ್ಯಾರ್ಥಿ
```

ಕೊನೆಯ ಪದಕ್ಕೆ ಹತ್ತು ಕೀಲಿ. ಯುನಿಕೋಡಿನಲ್ಲಿ ಅದು ಉಳಿಯುವುದೂ ಹತ್ತೇ ಸಂಕೇತವಾಗಿ, ಇದೇ ಕ್ರಮದಲ್ಲಿ. ಒತ್ತು ಎಲ್ಲಿ ಕೂರಬೇಕು, ಅರ್ಕಾವೊತ್ತು ಯಾವ ಕಡೆ ಬರಬೇಕು ಎಂಬುದನ್ನು ಅಕ್ಷರ ತೋರಿಸುವ ಫಾಂಟ್ ನೋಡಿಕೊಳ್ಳುತ್ತದೆ. ಆಕಾರ ನೋಡಿ ಊಹಿಸುವ ಕೆಲಸವೇ ಇಲ್ಲಿಲ್ಲ. ಮಗ್ಗ ಮಗ ಆಗಬೇಕಾದರೆ f ಮತ್ತು g ಎರಡನ್ನೂ ಬೆರಳು ಮರೆಯಬೇಕು. ಪದವನ್ನು ಮನಸ್ಸಿನಲ್ಲಿ ಹೇಳಿಕೊಂಡು ಒತ್ತುವವರಿಗೆ ಹಾಗೆ ಆಗುವುದು ಅಪರೂಪ.

ಟೈಪಿಗೂ ಅದರದೇ ತಪ್ಪುಗಳಿವೆ. ಒಂದೇ ಪದದಿಂದ ಶುರುವಾಗುವ ಎರಡು ಸಾಲಿದ್ದರೆ ಒಂದು ಸಾಲು ಹಾರಿಹೋಗುತ್ತದೆ. ಫೋನಿನಲ್ಲಾದರೆ ಪದ ಸೂಚಿಸುವ ಪಟ್ಟಿ ತನಗೆ ಬೇಕಾದ ಪದ ತುರುಕುತ್ತದೆ. ಅದಕ್ಕೇ ನಾವು ಮುಗಿದ ಮೇಲೆ ಮೂಲವನ್ನು ಇನ್ನೊಬ್ಬ ಶಿಕ್ಷಕರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸುತ್ತೇವೆ. ಅವರು ಓದಿದಂತೆ ನಾವು ಟೈಪಾದದ್ದರ ಮೇಲೆ ಬೆರಳಿಟ್ಟು ಹೋಗುತ್ತೇವೆ. ಹತ್ತು ಸಾಲಿನ ಗದ್ಯಕ್ಕೆ ಇದೆಲ್ಲ ಸೇರಿ ಅರ್ಧ ಗಂಟೆಯೊಳಗೆ ಮುಗಿಯುತ್ತದೆ.

ನಲವತ್ತು ಪುಟವಿದ್ದರೆ ಟೈಪು ಮಾಡಿ ಎಂದು ಯಾರಿಗೂ ಹೇಳಲಾರೆವು. ಆಗ ಪುಸ್ತಕವನ್ನೇ ಸ್ಕ್ಯಾನ್ ಮಾಡಿ. ಪಿಡಿಎಫ್ ಮಾತ್ರ ಇದ್ದರೆ ಮೊದಲು ಪುಟವನ್ನು ಮೂರು ಪಟ್ಟು ಹಿಗ್ಗಿಸಿ, ಆಮೇಲೆ ತುಂಡು ತುಂಡಾಗಿ ಸ್ಕ್ರೀನ್‌ಶಾಟ್ ತೆಗೆಯಿರಿ. ಕಳಿಸುವಾಗ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ. ಸಣ್ಣ ಚಿತ್ರ ತೆಗೆದು ಆಮೇಲೆ ಹಿಗ್ಗಿಸಿದರೆ ಪ್ರಯೋಜನವಿಲ್ಲ, ಕಳೆದುಹೋದ ಒತ್ತು ತಿರುಗಿ ಬರುವುದಿಲ್ಲ. ಮಕ್ಕಳ ಹೆಸರಿನ ಪಟ್ಟಿ ಮತ್ತು ಪ್ರಶ್ನೆಪತ್ರಿಕೆ ಎರಡನ್ನು ಮಾತ್ರ ಎಷ್ಟೇ ಉದ್ದವಿದ್ದರೂ ನಾವು ಕೈಯಿಂದಲೇ ಟೈಪು ಮಾಡುತ್ತೇವೆ. ಮಲ್ಲಮ್ಮ ಎಂಬ ಹುಡುಗಿ ದಾಖಲೆಯಲ್ಲಿ ಮಲಮ ಆಗಿ ಕೂತರೆ ಅದನ್ನು ತಿದ್ದಿಸಲು ಅವಳ ಅಪ್ಪ ಕೂಲಿ ಬಿಟ್ಟು ಕಚೇರಿಗೆ ಅಲೆಯಬೇಕಾಗುತ್ತದೆ.

ಮೊನ್ನೆಯ ಪತ್ರಿಕೆಯಲ್ಲಿ ಮತ್ತೆ ಅದೇ ಗದ್ಯ ಕೊಟ್ಟೆವು. ಆ ಹುಡುಗಿ ಮೂರನೇ ಪ್ರಶ್ನೆಗೆ ನಾಲ್ಕು ಸಾಲು ಬರೆದಿದ್ದಳು. ನೂಲು ಬಾರದಿದ್ದರೆ ಮಗ್ಗ ಹೇಗೆ ನಿಲ್ಲುತ್ತದೆ, ಅಂದು ಮನೆಯಲ್ಲಿ ಏನಾಗುತ್ತದೆ ಎಂದು.