ಅವ್ವ ಹೇಳಿದ್ದು, ನಾನು ಟೈಪ್ ಮಾಡಿದ್ದು

ಇವತ್ತಿನ ನಮಸ್ಕಾರ ನಂದಲ್ಲ, ನಮ್ಮವ್ವಂದು. ಅವ್ವ ಇಸ್ಕೂಲು ಮೆಟ್ಟಿಲು ಹತ್ತಿದೋಳಲ್ಲ. ಹೆಸರಿನ ಅಕ್ಷರ ಮೂರನ್ನ ಕಷ್ಟಪಟ್ಟು ತಿದ್ದುತ್ತಾಳೆ, ಅದಕ್ಕಿಂತ ಹೆಬ್ಬೆಟ್ಟೇ ಸಲೀಸು ಅಂತಾಳೆ. ಮಾತಲ್ಲೇ ರೆಕಾರ್ಡ್ ಮಾಡಿ ಹಾಕ್ತೀನಿ ಬಿಡವ್ವ ಅಂದ್ರೆ ಒಪ್ಪಲಿಲ್ಲ. "ಮಾತು ಗಾಳಿಗೆ ಹೋಯ್ತದೆ ಕಣ್ಲಾ, ಬರ್ದಿದ್ದಾದ್ರೆ ಇನ್ನೊಂದಪ ಓದ್ಕೊಂತಾರೆ" ಅಂದಳು. ಅವಳು ಹೇಳಿದ್ದು ಹೀಗಿದೆ:

"ಎಲ್ರಿಗೂ ಶರಣು ಕಣ್ರಪ್ಪ. ಮಕ್ಳು ಮರಿ, ದನ ಕರ ಎಲ್ಲ ಚೆನ್ನಾಗವಾ? ನಾನು ಚೆನ್ನಾಗಿವ್ನಿ, ಮಂಡಿ ಒಂದು ಕೇಳಾಕಿಲ್ಲ. ನನ್ ಅವರೆ ಬೀಜ ಈಸ್ಕೊಂಡು ಹೋದೋರು ಯಾರಾದ್ರೂ ಉಳ್ಸಿದ್ರೆ ಒಂದು ಪಾವು ನಂಗೆ ವಾಪಸ್ ಕೊಡ್ರಪ್ಪ. ನಮ್ ಮನೇಲಿ ಬೀಜ ಮುಗ್ದೈತೆ."

ವಿಷಯ ಇಷ್ಟೇ. ಅದು ಅವಳ ತವರಿಂದ ಬಂದ ಸೊಗಡಿನ ಅವರೆ. ಹೋದ ಸಲ ಕಾಯಿ ಒಣಗೋ ಹೊತ್ತಿಗೆ ಸರಿಯಾಗಿ ಮಳೆ ಹಿಡ್ಕೊಂತು. ಬಳ್ಳಿ ಮೇಲೇ ಕಾಯಿ ಕಪ್ಪಾದವು, ಕೆಲವು ಒಳಗೇ ಮೊಳಕೆ ಒಡೆದವು. ಆರಿಸಿ ಆರಿಸಿ ಮಡಕೆಗೆ ಹಾಕಿದ್ದು ಅರ್ಧ ಪಾವು. ಮೊನ್ನೆ ಅದರಲ್ಲಿ ಇಪ್ಪತ್ತು ಕಾಳು ಒದ್ದೆ ಬಟ್ಟೇಲಿ ಸುತ್ತಿಟ್ಟು ನೋಡಿದ್ವಿ. ಐದು ದಿನಕ್ಕೆ ಮೊಳಕೆ ಬಂದಿದ್ದು ಆರು. ಹದಿನಾರು ಹದಿನೇಳು ಬಂದಿದ್ರೆ ಧೈರ್ಯವಾಗಿ ಬಿತ್ತಬಹುದಿತ್ತು.

ಅಂಗಡೀಲಿ ಅವರೆ ಬೀಜ ಸಿಗಲ್ವಾ ಅಂತ ಕೇಳಬಹುದು. ಸಿಗುತ್ತೆ. ಹೆಬ್ಬಾಳದ ತಳಿ ಗಿಡ್ಡ ಗಿಡ, ಯಾವ ತಿಂಗಳು ಹಾಕಿದ್ರೂ ಹೂವಾಗುತ್ತೆ, ಮಾರೋಕೆ ಒಳ್ಳೇದೇ, ನಾನೂ ಹಾಕಿದೀನಿ. ಅವ್ವನ ಅವರೆ ಹಾಗಲ್ಲ. ಹಗಲು ಚಿಕ್ಕದಾಗೋವರೆಗೂ ಹೂ ಬಿಡಲ್ಲ. ರಾಗಿ ಜೊತೆ ಅಕ್ಕಡಿ ಸಾಲಲ್ಲಿ ಹಾಕಿದ್ರೆ ರಾಗಿ ಕುಯ್ಯೋವರೆಗೂ ಸುಮ್ಮನಿದ್ದು, ಆಮೇಲೆ ಹೊಲಾನೆಲ್ಲ ಹಬ್ಬಿ ಇಬ್ಬನೀಲಿ ಕಾಯಿ ಕಟ್ಟುತ್ತೆ. ಹಂಗಾಗಿ ಬೀಜ ಕೊಡೋರು ದಯವಿಟ್ಟು ಎರಡನ್ನೂ ಬೆರೆಸಬೇಡಿ. ಬಿತ್ತಿ ಒಂದೂವರೆ ತಿಂಗಳಿಗೇ ಹೂ ಬಂದಿದ್ದ ಗಿಡದ್ದಾದ್ರೆ ಅದು ಅವ್ವಂದಲ್ಲ.

ಬೀಜ ಹೆಂಗಿಡೋದು ಅಂತಾನೂ ಬರೆಸಿದಳು. ನಾನು ಮೊದಲು ನನ್ನ ಭಾಷೇಲಿ "ಬೀಜಕ್ಕೆ ಕೆಮ್ಮಣ್ಣು ಲೇಪಿಸಿ ಶೇಖರಿಸುವುದು" ಅಂತ ಟೈಪ್ ಮಾಡಿ ಓದಿ ಹೇಳಿದೆ. "ಅದ್ಯಾರು ಹಂಗಂದೋರು? ನಾನಂತೂ ಅನ್ನಲಿಲ್ಲ" ಅಂದಳು. ಅದಕ್ಕೇ ಅವಳ ಮಾತನ್ನೇ ಹಾಕ್ತಿದೀನಿ:

"ಕಾಯಿ ಬಿಡಿಸಿ ಕಾಳು ಕಟುಂ ಅನ್ನೋ ಹಂಗೆ ಒಣಗಿಸ್ಬೇಕು. ಆಮೇಲೆ ಒಂದೊಂದು ಕಾಳೂ ನೋಡ್ಬೇಕು. ಬಿಳೀ ಚುಕ್ಕಿ ಅಂಟಿದ್ರೆ ಅದು ಹುಳದ ಮೊಟ್ಟೆ, ತೆಗೀರಿ. ತೂತು ಬಿದ್ದಿದ್ರೆ ಹುಳ ಆಗ್ಲೇ ಹೊರಗೆ ಬಂದೈತೆ. ಕೆಮ್ಮಣ್ಣು ಜರಡಿ ಹಿಡಿದು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಕಾಳಿಗೆ ಹತ್ತಿಸಿ, ಮತ್ತೆ ಬಿಸಿಲಿಗೆ ಹರವಿ. ಕೈಲಿ ಉಜ್ಜಿದ್ರೆ ಮಣ್ಣು ಒಣಗಿ ಗಟ್ಟಿ ಕೂತಿರ್ಬೇಕು, ಹಸಿ ಇದ್ರೆ ಬೂಸ್ಟು ಬತ್ತದೆ. ಆಮೇಲೆ ಮಡಕೆ."

ಹುಳ ಕಣಜದಲ್ಲಿ ಹುಟ್ಟಲ್ಲ, ಬಹಳ ಸಲ ಹೊಲದಿಂದಲೇ ಕಾಯಿ ಜೊತೆ ಬರುತ್ತೆ. ಮಣ್ಣು ಹತ್ತಿಸಿದ್ರೆ ಹೊಸದಾಗಿ ಮೊಟ್ಟೆ ಇಡೋಕೆ ಕಷ್ಟ, ಅಷ್ಟೇ. ಕಾಳಿನೊಳಗೆ ಆಗ್ಲೇ ಸೇರಿಕೊಂಡಿರೋ ಹುಳಾನ ಅದು ತಡೆಯಲ್ಲ. ಅದಕ್ಕೇ ಅವ್ವ ಆರಿಸೋದಕ್ಕೆ ಅಷ್ಟು ಹಠ ಮಾಡೋದು, ತಿಂಗಳಿಗೊಂದಪ ಮಡಕೆ ಬಾಯಿ ಬಿಚ್ಚಿ ಹಿಟ್ಟು ಉದುರಿದೆಯಾ ಅಂತ ನೋಡೋದು. ಈಗ ಅವಳಿಗೆ ಕಣ್ಣು ಮಂಜು. ಬಿಳೀ ಚುಕ್ಕಿ ಕಾಣಲ್ಲ, ಬೆರಳಲ್ಲಿ ಸವರಿ ಹೇಳ್ತಾಳೆ. ಹೋದ ವಾರ ನಾನು ಕಣ್ಣಲ್ಲಿ ನೋಡಿ ಸರಿ ಅಂದ ಹಿಡಿ ಕಾಳಲ್ಲಿ ಅವಳ ಬೆರಳಿಗೆ ಎರಡು ಸಿಕ್ಕವು.

ಬೀಜ ಯಾವಾಗ ಬೇಕು ಅನ್ನೋದು ನನ್ನ ಲೆಕ್ಕದಲ್ಲಿ ಜುಲೈ 20ರೊಳಗೆ. ಅವ್ವನ ಲೆಕ್ಕದಲ್ಲಿ ಪುನರ್ವಸು ಮಳೆ ಮುಗಿಯೋದ್ರೊಳಗೆ. ಎರಡೂ ಒಂದೇ. ಪುಷ್ಯ ಮಳೇಲಿ ನಮ್ಮ ಮೇಗಲ ಹೊಲಕ್ಕೆ ರಾಗಿ ಬೀಳುತ್ತೆ, ಅಕ್ಕಡಿ ಅದರ ಜೊತೆಗೇ ಆಗಬೇಕು.

ಇಷ್ಟನ್ನೂ ಅವಳಿಗೆ ಎರಡು ಸಲ ಓದಿ ಹೇಳಿದೆ. ಒಂದು ಕಡೆ ತಡೆದಳು. "ವಾಪಸ್ ಕೊಡಿ ಅಂತ ಹಾಕಿದೀಯಲ್ಲ, ಕೊಟ್ಟಿದ್ದನ್ನ ಕೇಳಿದಂಗಾಯ್ತು, ತೆಗಿ" ಅಂದಳು. ನೀನೇ ಹೇಳಿದ್ದು ಕಣವ್ವ ಅಂದೆ. ಒಂದು ಗಳಿಗೆ ಸುಮ್ಮನಿದ್ದು, "ಹಂಗಾದ್ರೆ ಇರ್ಲಿ. ಬದಲಿಗೆ ಒಂದು ಸೇರು ಹುರುಳಿ ಕೊಡ್ತೀನಿ ಅಂತ ಸೇರ್ಸು" ಅಂದಳು.

ಸೇರಿಸಿದೀನಿ. ಹುರುಳಿ ಅಳೆದು ಇಟ್ಟಾಗಿದೆ. ಬೀಜ ಇರೋರು ಸಂಜೆ ಹೊತ್ತು ಮನೆ ಕಡೆ ಬನ್ನಿ, ಅವ್ವ ಜಗುಲಿ ಮೇಲೆ ಕೂತಿರ್ತಾಳೆ. ಕಾಳನ್ನ ಅವಳ ಕೈಗೇ ಕೊಡಿ.